ವಿದೇಶಕ್ಕೆ ಹೊರಟಾಗ ಮನೆ ಸಾಮಾನಿಗೆ ಬೆಲೆ ಕಟ್ಟುವುದು ಹೇಗೆ: ಇಪ್ಪತ್ತೈದು ದಿನದ ಲೆಕ್ಕ

ನನ್ನ ತಂಗಿಗೆ ಜರ್ಮನಿ ವೀಸಾ ಬಂದದ್ದು 2025ರ ನವೆಂಬರ್ ಮೊದಲ ವಾರದಲ್ಲಿ. ವಿಮಾನ ಡಿಸೆಂಬರ್ 3ಕ್ಕೆ. ಬನಶಂಕರಿಯಲ್ಲಿ ಎರಡು ರೂಮಿನ ಬಾಡಿಗೆ ಮನೆ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಗಂಡ, ಹೆಂಡತಿ, ಎರಡು ಮಕ್ಕಳು, ಹದಿಮೂರು ವರ್ಷ ಸೇರಿಸಿದ ಸಾಮಾನು. ನಾನು ಹೋದಾಗ ಅವಳು ನೆಲದ ಮೇಲೆ ಕೂತು ಹಳೇ ಬಿಲ್ಲುಗಳ ಫೈಲ್ ಹರಡಿಕೊಂಡಿದ್ದಳು. ಒಂದು ಕಡೆ ಕೊಂಡ ಬೆಲೆ, ಪಕ್ಕದಲ್ಲಿ ಅದರ ಅರ್ಧ. ಕೆಳಗೆ ಮೊತ್ತ: 1,80,000.

"ಅಕ್ಕಾ, ಇಷ್ಟು ಬಂದರೆ ಅಲ್ಲಿ ಮನೆ ಅಡ್ವಾನ್ಸ್‌ಗೆ ಆಗುತ್ತೆ" ಅಂದಳು.

ಕೊನೆಗೆ ಬಂದದ್ದು 83,000. ಅದು ಕಡಿಮೆ ಅಂತ ಅವಳಿಗೆ ಮೊದಲ ವಾರ ಬೇಜಾರಿತ್ತು. ಆದರೆ ಎಲ್ಲವನ್ನೂ ಒಟ್ಟಿಗೆ ಕೊಡಿ ಅಂತ ಬಂದ ವ್ಯಾಪಾರಿ ಹೇಳಿದ್ದು 42,000. ಈ ಎರಡು ಮೊತ್ತಗಳ ನಡುವಿನ 41,000 ಎಲ್ಲಿಂದ ಬಂತು ಅನ್ನುವುದೇ ಈ ಲೇಖನ. ಬಾಡಿಗೆ ಮನೆ ಖಾಲಿ ಮಾಡಿ ದೇಶ ಬಿಡುತ್ತಿರುವವರಿಗೆ, ಕೈಯಲ್ಲಿ ಮೂರು ನಾಲ್ಕು ವಾರ ಮಾತ್ರ ಇರುವವರಿಗೆ ಇದು. ಊರಿನಲ್ಲೇ ಮನೆ ಬದಲಿಸುವವರ ಲೆಕ್ಕ ಬೇರೆ. ಅವರಿಗೆ ಮಾರದೆ ಇಟ್ಟುಕೊಳ್ಳುವ ದಾರಿ ಇರುತ್ತದೆ, ನಿಮಗೆ ಇರುವುದಿಲ್ಲ.

ಮೊದಲು ತಾರೀಖು, ಆಮೇಲೆ ಬೆಲೆ

ಎಲ್ಲರೂ ವಿಮಾನದ ತಾರೀಖಿನಿಂದ ದಿನ ಎಣಿಸುತ್ತಾರೆ. ಅದು ತಪ್ಪು. ಎಣಿಸಬೇಕಾದದ್ದು ಮನೆ ಮಾಲೀಕರಿಗೆ ಬೀಗದ ಕೈ ಕೊಡುವ ದಿನದಿಂದ. ತಂಗಿಯದ್ದು ನವೆಂಬರ್ 30. ಅಂದು ಮನೆ ಖಾಲಿ ಇರದಿದ್ದರೆ ಇನ್ನೊಂದು ತಿಂಗಳ ಬಾಡಿಗೆ 28,000 ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುತ್ತಾರೆ. ಸೋಫಾಗೆ ಇನ್ನೂ ಎರಡು ಸಾವಿರ ಜಾಸ್ತಿ ಸಿಗಲಿ ಅಂತ ಕಾದು ಕೂತರೆ ಪಣಕ್ಕಿಡುವುದು ಈ 28,000ವನ್ನು. ಬೆಲೆ ಇಳಿಸಲು ಮನಸ್ಸು ಬಾರದಾಗಲೆಲ್ಲ ನಾವು ಈ ಅಂಕಿಯನ್ನೇ ನೆನಪಿಸಿಕೊಳ್ಳುತ್ತಿದ್ದೆವು.

ತಾರೀಖು ಗೊತ್ತಾದ ಮೇಲೆ ಸಾಮಾನನ್ನು ಎರಡು ಗುಂಪು ಮಾಡಿ. ಇವತ್ತೇ ಹೋದರೂ ನಡೆಯುವಂಥವು ಒಂದು ಗುಂಪು: ಸೋಫಾ, ಟಿವಿ, ಎಸಿ, ಓದುವ ಮೇಜು, ಊಟದ ಮೇಜು. ಕೊನೆಯ ದಿನದವರೆಗೂ ಬೇಕಾದವು ಇನ್ನೊಂದು: ಫ್ರಿಜ್, ವಾಷಿಂಗ್ ಮೆಷಿನ್, ಮಂಚ, ಒಲೆ.

ಜನ ಜಾರುವುದು ಈ ಎರಡನೇ ಗುಂಪಿನಲ್ಲಿ. ಫ್ರಿಜ್ ಹೇಗೂ ಕೊನೆಯವರೆಗೆ ಬೇಕು, ಕೊನೇ ವಾರ ಜಾಹೀರಾತು ಹಾಕೋಣ ಅಂತ ಬಿಡುತ್ತಾರೆ. ಕೊನೇ ವಾರ ಬಂದ ಗಿರಾಕಿಗೆ ಮನೆ ನೋಡಿದ ತಕ್ಷಣ ವಿಷಯ ಗೊತ್ತಾಗುತ್ತದೆ. ಗೋಡೆ ಬರಿದು, ಮೂಲೆಯಲ್ಲಿ ಸೂಟ್‌ಕೇಸು. ಆಗ ಅವನು ಹೇಳಿದ್ದೇ ಬೆಲೆ. ಹಾಗಾಗಿ ಎರಡನೇ ಗುಂಪನ್ನೇ ಮೊದಲು ಮಾರಿ, ಕೊಡುವುದು ಮಾತ್ರ ಆಮೇಲೆ. ಜಾಹೀರಾತಿನಲ್ಲೇ "29ನೇ ತಾರೀಖು ತೆಗೆದುಕೊಂಡು ಹೋಗಬೇಕು" ಅಂತ ಬರೆಯಿರಿ. ಕಾಯುವುದಕ್ಕೆ ಐನೂರೋ ಸಾವಿರವೋ ಬಿಟ್ಟುಕೊಡಿ, ಸಾವಿರ ರೂಪಾಯಿ ಮುಂಗಡ ತೆಗೆದುಕೊಳ್ಳಿ. ಹೊಸ ಮನೆಗೆ ತಿಂಗಳ ಕೊನೆಗೆ ಹೋಗುವವರು ಬೇಕಾದಷ್ಟು ಜನ ಇರುತ್ತಾರೆ, ಅವರಿಗೂ ಅದೇ ತಾರೀಖು ಅನುಕೂಲ.

ತಳದ ಬೆಲೆ ಗೊತ್ತು ಮಾಡಿಕೊಳ್ಳಿ

ಜಾಹೀರಾತು ಹಾಕುವ ಮೊದಲೇ ಸೆಕೆಂಡ್ ಹ್ಯಾಂಡ್ ಸಾಮಾನಿನ ಇಬ್ಬರು ವ್ಯಾಪಾರಿಗಳನ್ನು ಮನೆಗೆ ಕರೆಸಿ. ಮಾರುವುದಕ್ಕಲ್ಲ, ಕೇಳುವುದಕ್ಕೆ. "ಎಲ್ಲಾ ಒಟ್ಟಿಗೆ ಎಷ್ಟು?" ಅಂತ ಒಂದು ಸಲ ಕೇಳಿ. ಆಮೇಲೆ ಒಂದೊಂದಕ್ಕೂ ಬಿಡಿಬಿಡಿಯಾಗಿ ಕೇಳಿ ಬರೆದುಕೊಳ್ಳಿ. ಅವರು ಕಡಿಮೆ ಹೇಳುತ್ತಾರೆ, ಹೇಳಲೇಬೇಕು. ಅವರಿಗೆ ಗಾಡಿ, ಆಳು, ಅಂಗಡಿ ಬಾಡಿಗೆ, ರಿಪೇರಿ ಎಲ್ಲ ಇದೆ. ಕೋಪ ಮಾಡಿಕೊಳ್ಳಬೇಡಿ. ಅವರು ಹೇಳಿದ ಬೆಲೆ ನಿಮ್ಮ ತಳ. ಯಾರೂ ಬಾರದಿದ್ದರೂ 29ನೇ ತಾರೀಖು ಇಷ್ಟಂತೂ ಸಿಗುತ್ತದೆ ಅನ್ನುವುದು ಖಾತ್ರಿಯಾದರೆ ಮನಸ್ಸಿನ ಗಾಬರಿ ಹೋಗುತ್ತದೆ. ಗಾಬರಿ ಇಲ್ಲದವರು ಚೌಕಾಸಿ ಚೆನ್ನಾಗಿ ಮಾಡುತ್ತಾರೆ.

ಬಿಡಿ ಬೆಲೆ ಕೇಳುವುದರಿಂದ ಇನ್ನೊಂದು ಲಾಭ ಇದೆ. ತಂಗಿ ಮನೆಗೆ ಬಂದ ಇಬ್ಬರೂ ವಾರ್ಡ್‌ರೋಬ್ ನೋಡಿ "ಇದು ಬೇಡ ಮೇಡಂ" ಅಂದರು. ಇಬ್ಬರೂ ಮಂಚದ ಹತ್ತಿರ ಬಂದಾಗ ಬಗ್ಗಿ ಕೆಳಗೆ ನೋಡಿದರು, ಕಾಲು ತಟ್ಟಿದರು, ಏನೂ ಹೇಳದೆ ಮುಂದೆ ಹೋದರು. ಆಮೇಲೆ ಒಟ್ಟು ಬೆಲೆ ಹೇಳುವಾಗ ಒಬ್ಬರು "ಮಂಚ ಸೇರಿಸಿ ತಾನೇ?" ಅಂತ ಎರಡು ಸಲ ಕೇಳಿದರು. ಮನೆಯಲ್ಲಿ ನಿಜವಾಗಿ ಬೆಲೆ ಬಾಳುವುದು ಯಾವುದು ಅಂತ ನನಗೆ ಗೊತ್ತಾದದ್ದು ಆಗಲೇ.

ಯಂತ್ರಗಳ ಬೆಲೆ: ಇವತ್ತಿನ ಹೊಸದರಿಂದ ಕೆಳಗೆ

ಫ್ರಿಜ್, ವಾಷಿಂಗ್ ಮೆಷಿನ್, ಎಸಿ, ಟಿವಿ ಇವಕ್ಕೆ ನಿಮ್ಮ ಬಿಲ್ಲಿನ ಬೆಲೆಯಿಂದ ಲೆಕ್ಕ ಶುರು ಮಾಡಬೇಡಿ. ಗಿರಾಕಿ ನಿಮ್ಮ ಬಿಲ್ ನೋಡಿ ಬಂದಿಲ್ಲ. ಇದೇ ಅಳತೆಯ ಹೊಸದು ಇವತ್ತು ಎಷ್ಟಕ್ಕೆ ಸಿಗುತ್ತದೆ ಅಂತ ಫೋನಿನಲ್ಲಿ ನೋಡಿಕೊಂಡು ಬಂದಿದ್ದಾನೆ. ನೀವೂ ಅದನ್ನೇ ನೋಡಿ. ಅದೇ ಮಾಡೆಲ್ ಸಿಗದಿದ್ದರೆ ಅಷ್ಟೇ ಲೀಟರ್, ಅಷ್ಟೇ ಕಿಲೋ, ಅಷ್ಟೇ ಸ್ಟಾರ್ ಇರುವ ಸಾಧಾರಣ ಮಾಡೆಲ್ ಹಿಡಿಯಿರಿ.

ಆ ಹೊಸ ಬೆಲೆಯ ಮೇಲೆ ನಾನು ಹಾಕುವ ಒಂದು ಅಂದಾಜು ಇದೆ. ಎರಡು ವರ್ಷದೊಳಗಿನದ್ದು, ಬಿಲ್ ಮತ್ತು ವಾರಂಟಿ ಇದ್ದರೆ ಶೇ. 55. ಮೂರು ನಾಲ್ಕು ವರ್ಷದ್ದಾದರೆ ಶೇ. 40. ಐದು ಆರು ವರ್ಷಕ್ಕೆ ಶೇ. 30 ರಿಂದ 35. ಎಂಟು ದಾಟಿದರೆ ವ್ಯಾಪಾರಿ ಹೇಳಿದ ತಳದ ಬೆಲೆ, ಅಷ್ಟೆ. ಟಿವಿಗೆ ಇದರಲ್ಲೂ ಒಂದು ಮೆಟ್ಟಿಲು ಕೆಳಗೆ ಹೋಗಿ, ಯಾಕೆಂದರೆ ಹೊಸ ಟಿವಿ ಬೆಲೆ ಇಳಿಯುತ್ತಲೇ ಇದೆ. ನೀರಿನ ಫಿಲ್ಟರ್‌ಗೆ ಎರಡು ಮೆಟ್ಟಿಲು ಕೆಳಗೆ. ಕೊಂಡವರು ಮೊದಲು ಮಾಡುವುದೇ ಒಳಗಿನ ಮೆಂಬ್ರೇನ್ ಬದಲಿಸುವುದು, ಆ ಖರ್ಚು ಅವರ ತಲೆಯಲ್ಲಿರುತ್ತದೆ.

ಇಷ್ಟಾದ ಮೇಲೆ ಹೆಚ್ಚಿನವರು ಮರೆಯುವ ಒಂದು ಕಳೆಯುವ ಲೆಕ್ಕ ಬಾಕಿ ಇರುತ್ತದೆ. ಸಾಮಾನು ಗಿರಾಕಿಯ ಮನೆಯಲ್ಲಿ ಓಡುವ ಹೊತ್ತಿಗೆ ಅವನಿಗೆ ತಗಲುವ ಖರ್ಚು. ಇದು ಎಲ್ಲಕ್ಕಿಂತ ಜಾಸ್ತಿ ಇರುವುದು ಎಸಿಗೆ, ಅದನ್ನೇ ಬಿಡಿಸಿ ಹೇಳುತ್ತೇನೆ.

ತಂಗಿ ಮನೆಯ ಎಸಿ ಒಂದೂವರೆ ಟನ್ನಿನ ಇನ್ವರ್ಟರ್ ಸ್ಪ್ಲಿಟ್. 2022ರ ಏಪ್ರಿಲ್‌ನಲ್ಲಿ 44,000 ಕೊಟ್ಟಿದ್ದರು. ಅವಳ ಪಟ್ಟಿಯಲ್ಲಿ ಅರ್ಧ, ಅಂದರೆ 22,000. ಆದರೆ 2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿತ್ತು. 32 ಇಂಚಿಗಿಂತ ದೊಡ್ಡ ಟಿವಿಗೂ ಹಾಗೇ. ನಾವು ನೋಡಿದಾಗ ಅದೇ ಅಳತೆಯ ಹೊಸ ಎಸಿ 37,000ಕ್ಕೆ ಸಿಗುತ್ತಿತ್ತು. ಅದರ ಶೇ. 40 ಅಂದರೆ 14,800. ಇದರಿಂದ ಗಿರಾಕಿಯ ಖರ್ಚು ಕಳೆಯಿರಿ: ಬಿಚ್ಚುವುದು, ಸಾಗಿಸುವುದು, ಅಲ್ಲಿ ಮತ್ತೆ ಕೂರಿಸುವುದು, ಪೈಪ್ ಸಾಲದಿದ್ದರೆ ಹೊಸ ಪೈಪ್, ಬೇಕಾದರೆ ಗ್ಯಾಸ್. ಮೆಕ್ಯಾನಿಕ್ ಒಬ್ಬರನ್ನು ಕೇಳಿದ್ದಕ್ಕೆ ಸುಮಾರು 4,000 ಅಂದರು. ಉಳಿದದ್ದು 11,000ದ ಆಸುಪಾಸು. ಮೇಲಾಗಿ ಅದು ನವೆಂಬರ್. ಬೆಂಗಳೂರಿನಲ್ಲಿ ಸ್ವೆಟರ್ ಹಾಕುವ ಕಾಲದಲ್ಲಿ ಎಸಿ ಯಾರು ಹುಡುಕುತ್ತಾರೆ? ನಾವು ಹಾಕಿದ್ದು 12,000, ಹೋದದ್ದು 10,000ಕ್ಕೆ. ಫೆಬ್ರವರಿ ಮಾರ್ಚ್‌ನಲ್ಲಾಗಿದ್ದರೆ 12,000 ಪೂರ್ತಿ ಸಿಗುತ್ತಿತ್ತು ಅಂತ ಈಗಲೂ ನಂಬಿದ್ದೇನೆ.

ಎಸಿ ಬಿಚ್ಚಿಸುವಾಗ ಒಂದು ಎಚ್ಚರಿಕೆ. ಪೈಪ್ ಬಿಚ್ಚುವ ಮೊದಲು ಗ್ಯಾಸನ್ನು ಹೊರಗಿನ ಯೂನಿಟ್‌ಗೆ ಎಳೆದು ಲಾಕ್ ಮಾಡಬೇಕು. ಅದಕ್ಕೆ ಎಸಿ ಕೂಲಿಂಗ್‌ನಲ್ಲಿ ಓಡುತ್ತಿರಬೇಕು. ಹಾಗಾಗಿ ಕರೆಂಟ್ ಸಂಪರ್ಕ ಇರುವಾಗಲೇ, ಗಿರಾಕಿ ಎದುರಲ್ಲೇ ಈ ಕೆಲಸ ಮಾಡಿಸಿ. ತಣ್ಣಗೆ ಗಾಳಿ ಬರುವುದನ್ನು ಅವರೂ ನೋಡಿದಂತಾಯಿತು, ಆಮೇಲೆ ತಕರಾರು ಇರುವುದಿಲ್ಲ.

ಫ್ರಿಜ್ ಲೆಕ್ಕ ಸುಲಭ. 260 ಲೀಟರ್, ಎರಡು ಬಾಗಿಲು, 2020ರದ್ದು. ಹೊಸದು 26,000. ಐದು ವರ್ಷ ಆದ್ದರಿಂದ ಶೇ. 35, ಅಂದರೆ 9,100. ತರಕಾರಿ ಟ್ರೇ ಸೀಳಿತ್ತು, ಅದರ ಫೋಟೊ ತೆಗೆದು ಜಾಹೀರಾತಿನಲ್ಲೇ ಹಾಕಿದೆವು. ಬಾಗಿಲಿನ ರಬ್ಬರ್ ಗಟ್ಟಿ ಇದೆಯಾ ಅಂತ ನೋಡಲು ಒಂದು ನೋಟನ್ನು ಬಾಗಿಲ ಸಂದಿಯಲ್ಲಿಟ್ಟು ಮುಚ್ಚಿ ಎಳೆಯಿರಿ. ಸುಲಭವಾಗಿ ಜಾರಿ ಬಂದರೆ ರಬ್ಬರ್ ಸೋತಿದೆ, ಸಾವಿರ ಇಳಿಸಿಕೊಳ್ಳಿ. ನಮ್ಮದು ಹಿಡಿದುಕೊಂಡಿತು. 9,500 ಅಂತ ಹಾಕಿದೆವು, 8,500ಕ್ಕೆ ಮಾತಾಯಿತು. ಸಾವಿರ ಮುಂಗಡ, 29ಕ್ಕೆ ಸಾಗಣೆ.

ಹಿಂದಿನ ದಿನ ರಾತ್ರಿಯೇ ಫ್ರಿಜ್ ಆಫ್ ಮಾಡಿ, ಬಾಗಿಲು ತೆರೆದಿಟ್ಟು ನೀರು ಒರೆಸಿ. ನಿಲ್ಲಿಸಿಯೇ ಸಾಗಿಸಲು ಹೇಳಿ. ಅಲ್ಲಿ ಹೋದ ಮೇಲೆ ಕೆಲವು ಗಂಟೆ ಬಿಟ್ಟು ಆನ್ ಮಾಡಲು ಹೇಳುವುದನ್ನು ಮರೆಯಬೇಡಿ. ಮುಂದೆ ಬಾಗಿಲಿರುವ ವಾಷಿಂಗ್ ಮೆಷಿನ್ ಆದರೆ, ಹೊಸದಾಗಿ ಬಂದಾಗ ಹಿಂದುಗಡೆಯಿಂದ ಬಿಚ್ಚಿದ ಉದ್ದನೆ ಬೋಲ್ಟುಗಳನ್ನು ಹುಡುಕಿ. ಅವನ್ನು ವಾಪಸ್ ಹಾಕದೆ ಸಾಗಿಸಿದರೆ ಡ್ರಮ್ ಒಳಗೇ ಬಡಿದು ಹಾಳಾಗಬಹುದು. ತಂಗಿ ಅವನ್ನು ಬಿಲ್ಲಿನ ಫೈಲಿನಲ್ಲೇ ಕವರ್ ಹಾಕಿ ಇಟ್ಟಿದ್ದಳು. ಕೊಳ್ಳಲು ಬಂದವರು ಆ ಕವರ್ ನೋಡಿ ಚೌಕಾಸಿಯನ್ನೇ ನಿಲ್ಲಿಸಿದರು. ಇಷ್ಟು ಜೋಪಾನ ಮಾಡಿದವರು ಮೆಷಿನ್ನನ್ನೂ ಚೆನ್ನಾಗಿ ನೋಡಿಕೊಂಡಿರುತ್ತಾರೆ ಅಂತ ಅವರಿಗೆ ಅನ್ನಿಸಿರಬೇಕು. 11,500 ಬಂತು.

ಸ್ಟಾರ್ ವಿಷಯದಲ್ಲಿ ಮೋಸ ಹೋಗಬೇಡಿ, ಮೋಸ ಮಾಡಲೂಬೇಡಿ. ಫ್ರಿಜ್, ಎಸಿ ಮೇಲಿನ ಸ್ಟಾರ್ ಚೀಟಿಯಲ್ಲಿ ಯಾವ ವರ್ಷದ್ದು ಅಂತ ಬರೆದಿರುತ್ತದೆ. ನಿಯಮ ಕಾಲಕಾಲಕ್ಕೆ ಬಿಗಿಯಾಗುತ್ತದೆ. 2022ರ ಜುಲೈಯಲ್ಲಿ ಎಸಿಗಳಿಗೆ ಹಾಗೇ ಆಯಿತು, ಅದಕ್ಕೂ ಮುಂಚೆ ಐದು ಸ್ಟಾರ್ ಇದ್ದದ್ದು ನಾಲ್ಕಕ್ಕೆ ಇಳಿಯಿತು. ಹಳೇ ಐದು ಸ್ಟಾರನ್ನು ಇವತ್ತಿನ ಐದು ಸ್ಟಾರ್ ಬೆಲೆಗೆ ಹೋಲಿಸಿದರೆ ನಿಮ್ಮ ಲೆಕ್ಕವೇ ಮೇಲಕ್ಕೆ ಹೋಗಿರುತ್ತದೆ.

ಮರದ ಸಾಮಾನು: ವಯಸ್ಸಲ್ಲ, ಮರ

ಯಂತ್ರಕ್ಕೆ ಹಾಕಿದ ಲೆಕ್ಕ ಮರಕ್ಕೆ ಹಾಕಬೇಡಿ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಇದು ಗಟ್ಟಿ ಮರವೋ, ಪ್ಲೈವುಡ್ಡೋ, ಪಾರ್ಟಿಕಲ್ ಬೋರ್ಡೋ?

ತಿಳಿಯುವುದು ಕಷ್ಟವಲ್ಲ. ಡ್ರಾಯರ್ ಎಳೆದು ಅಥವಾ ಮಂಚದ ಹಲಗೆ ಎತ್ತಿ ಪಾಲಿಶ್ ಮಾಡದ ಜಾಗ ನೋಡಿ. ಗಟ್ಟಿ ಮರವಾದರೆ ಮೇಲ್ಭಾಗದ ಗೆರೆಗಳು ಅಂಚಿನ ಮೇಲೂ ಮುಂದುವರಿಯುತ್ತವೆ. ಪ್ಲೈವುಡ್ ಆದರೆ ಅಂಚಿನಲ್ಲಿ ಹಾಳೆ ಮೇಲೆ ಹಾಳೆ ಪೇರಿಸಿದಂತೆ ಪದರ ಕಾಣುತ್ತದೆ. ಪಾರ್ಟಿಕಲ್ ಬೋರ್ಡ್ ಆದರೆ ಸ್ಕ್ರೂ ತೂತಿನೊಳಗೆ ಮರದ ಹುಡಿ ಒತ್ತಿ ಅಂಟಿಸಿದ ಹಾಗಿರುತ್ತದೆ. ನೆಲಕ್ಕೆ ತಾಗುವ ಅಂಚಿನಲ್ಲಿ, ನೆಲ ಒರೆಸಿದ ನೀರು ಕುಡಿದು ಊದಿಕೊಂಡಿರುತ್ತದೆ. ಬೆರಳಾಡಿಸಿದರೆ ಉಬ್ಬು ತಿಳಿಯುತ್ತದೆ.

ತಂಗಿ ಮನೆಯಲ್ಲಿ ಎರಡೂ ತುದಿ ಇದ್ದವು. ಮೂರು ಬಾಗಿಲಿನ ವಾರ್ಡ್‌ರೋಬ್ ಆರು ವರ್ಷದ ಹಿಂದೆ 22,000 ಕೊಟ್ಟು ಅಂಗಡಿಯಿಂದ ತಂದದ್ದು, ನೋಡಲು ಹೊಸದರಂತೆ ಇತ್ತು. ಆದರೆ ಪಾರ್ಟಿಕಲ್ ಬೋರ್ಡ್. ಒಂದು ಸಲ ಬಿಚ್ಚಿದರೆ ಅದೇ ತೂತಿನಲ್ಲಿ ಸ್ಕ್ರೂ ಮತ್ತೆ ಗಟ್ಟಿಯಾಗಿ ಕೂರುವುದಿಲ್ಲ. ಬಿಚ್ಚದೆ ಮೂರನೇ ಮಹಡಿಯಿಂದ ಇಳಿಸಲು ಆಗುವುದಿಲ್ಲ. ವ್ಯಾಪಾರಿಗಳು ಬೇಡ ಅಂದದ್ದು ಅದಕ್ಕೇ. ಅದಕ್ಕೆ ಮೊದಲು ಹಾಕಿದ 4,000 ನಮ್ಮ ತಪ್ಪು. ಎರಡು ವಾರ ಒಬ್ಬರೂ ಕೇಳಲಿಲ್ಲ. ಕೊನೆಗೆ ಅದೇ ಕಟ್ಟಡದ ಮೊದಲನೇ ಮಹಡಿಯವರು 1,500 ಕೊಟ್ಟು, ನಾಲ್ಕು ಜನ ಸೇರಿ ಬಿಚ್ಚದೆ ಮೆಟ್ಟಿಲ ಮೇಲೆ ಇಳಿಸಿಕೊಂಡರು. ಇಂಥ ಸಾಮಾನಿಗೆ ಸರಿಯಾದ ಗಿರಾಕಿ ನಿಮ್ಮ ಕಟ್ಟಡದವರು, ಅಕ್ಕಪಕ್ಕದವರು, ಇಲ್ಲವಾದರೆ ನಿಮ್ಮ ನಂತರ ಆ ಮನೆಗೆ ಬರುವವರು. ಮನೆ ಮಾಲೀಕರನ್ನು ಮೊದಲೇ ಕೇಳಿ, ಹೊಸ ಬಾಡಿಗೆದಾರರು ಯಾರಾದರೂ ಬರುತ್ತಿದ್ದಾರಾ ಅಂತ. ವಾರ್ಡ್‌ರೋಬ್, ಪರದೆ, ನೀರಿನ ಫಿಲ್ಟರ್, ಗೀಸರ್ ಇವೆಲ್ಲ ಇದ್ದಲ್ಲೇ ಇದ್ದರೆ ಮಾತ್ರ ಬೆಲೆ ಬರುವಂಥವು.

ಮಂಚದ ಕತೆ ಬೇರೆ. ತೇಗದ ಮಂಚ, 2012ರಲ್ಲಿ ಮದುವೆಗೆ ಅಂತ ಅಪ್ಪ ಊರಿನ ಬಡಗಿಯಿಂದ ಮಾಡಿಸಿದ್ದು, ಆಗ 24,000. ತಂಗಿ ಪಟ್ಟಿಯಲ್ಲಿ "ಹಳೇದು, 6,000" ಅಂತ ಬರೆದಿದ್ದಳು. ನಾನು ನಮ್ಮ ಕಡೆಯ ಒಬ್ಬ ಬಡಗಿಗೆ ಫೋನ್ ಮಾಡಿ, ಇದೇ ಅಳತೆಯ ತೇಗದ ಮಂಚ ಈಗ ಮಾಡಿಸಿದರೆ ಎಷ್ಟು ಅಂತ ಕೇಳಿದೆ. 45,000ಕ್ಕೆ ಕಡಿಮೆ ಆಗಲ್ಲ ಅಂದರು. ಗಟ್ಟಿ ಮರಕ್ಕೆ ಬೆಲೆ ಕಟ್ಟುವ ದಾರಿ ಇದೇ: ಇವತ್ತು ಮಾಡಿಸಲು ಎಷ್ಟು ಬೇಕು ಅಂತ ಕೇಳಿ, ಅದರ ಅರ್ಧದಿಂದ ಶುರು ಮಾಡಿ. 22,000 ಅಂತ ಹಾಕಿದೆವು. ಫೋಟೊದಲ್ಲಿ ಮಂಚದ ತಳಭಾಗ, ಕಾಲಿನ ಜೋಡಣೆ ಹತ್ತಿರದಿಂದ ತೆಗೆದು ಹಾಕಿದೆವು. ಮರ ಗೊತ್ತಿರುವವರು ನೋಡುವುದು ಅದನ್ನೇ. ಮೂರನೇ ದಿನ ಒಬ್ಬ ಹಿರಿಯರು ಮಗಳ ಮನೆಗೆ ಅಂತ ಬಂದರು. ಟಾರ್ಚ್ ಹಾಕಿ ಅಡಿಯಲ್ಲಿ ಗೆದ್ದಲು ಇದೆಯಾ ನೋಡಿದರು, ಉಗುರಿನಲ್ಲಿ ಒತ್ತಿ ನೋಡಿದರು. 19,000ಕ್ಕೆ ಮುಗಿಯಿತು. ಬಂದ 83,000ದಲ್ಲಿ ಕಾಲು ಭಾಗಕ್ಕೆ ಹತ್ತಿರ ಈ ಒಂದು ಮಂಚದ್ದು. ವ್ಯಾಪಾರಿ ಎರಡು ಸಲ ಕೇಳಿದ್ದು ಸುಮ್ನೆ ಅಲ್ಲ.

ಹಾಸಿಗೆಗೆ ಬೆಲೆ ಕಟ್ಟುತ್ತಾ ಕೂರಬೇಡಿ. ಇನ್ನೊಬ್ಬರು ಮಲಗಿದ ಹಾಸಿಗೆ ಕೊಳ್ಳುವವರು ಬಹಳ ಕಡಿಮೆ. ಮಂಚದ ಜೊತೆ ಬೇಕಾದರೆ ಒಯ್ಯಿರಿ ಅನ್ನಿ. ಬಟ್ಟೆಯ ಸೋಫಾ ಕೂಡ ಹೆಚ್ಚು ಕಡಿಮೆ ಹೀಗೇ, ಕೊಂಡ ಬೆಲೆಯ ಆರನೇ ಏಳನೇ ಒಂದು ಭಾಗ ಬಂದರೆ ಒಳ್ಳೆಯದೇ. ಕಬ್ಬಿಣದ ಬೀರು ಮಾತ್ರ ಎಷ್ಟೇ ಹಳೆಯದಾದರೂ ಬೀಗ ಸರಿ ಇದ್ದರೆ ಬೆಲೆ ಬಿಡುವುದಿಲ್ಲ.

ಬೆಲೆಗೆ ಮೆಟ್ಟಿಲು ಇಡಿ

ಒಂದು ಹಾಳೆಯಲ್ಲಿ ಪ್ರತಿ ಸಾಮಾನಿನ ಎದುರು ಮೂರು ಬೆಲೆ ಬರೆಯಿರಿ. ಜಾಹೀರಾತಿನ ಬೆಲೆ, ಒಪ್ಪಿಕೊಳ್ಳುವ ಬೆಲೆ, ವ್ಯಾಪಾರಿಯ ತಳ. ಜಾಹೀರಾತಿನ ಬೆಲೆ ಒಪ್ಪಿಕೊಳ್ಳುವುದಕ್ಕಿಂತ ಶೇ. 10ರಷ್ಟು ಮಾತ್ರ ಮೇಲಿರಲಿ. ಚೌಕಾಸಿಗೆ ಅಂತ ಶೇ. 40 ಏರಿಸಿ ಹಾಕಿದರೆ ಗಿರಾಕಿ ಫೋನೇ ಮಾಡುವುದಿಲ್ಲ.

ಆಮೇಲೆ ಬೆಲೆ ಇಳಿಸುವ ತಾರೀಖುಗಳನ್ನೂ ಅದೇ ದಿನ ಬರೆದುಬಿಡಿ. ನಮ್ಮದು ಹೀಗಿತ್ತು: 8 ಮತ್ತು 9ರ ಶನಿವಾರ ಭಾನುವಾರ ಪೂರ್ತಿ ಬೆಲೆ. 15ಕ್ಕೆ ಶೇ. 15 ಕಡಿಮೆ. 22ಕ್ಕೆ ಇನ್ನೂ ಶೇ. 20. 27ಕ್ಕೆ ಉಳಿದದ್ದೆಲ್ಲ ತಳದ ಬೆಲೆಗೆ, 29ಕ್ಕೆ ವ್ಯಾಪಾರಿ ಗಾಡಿ. ಮೊದಲೇ ಬರೆದಿಟ್ಟರೆ ಗಂಡ ಹೆಂಡತಿ ನಡುವೆ ಪ್ರತಿ ಸಾಮಾನಿಗೂ ಮಾತು ಬೆಳೆಯುವುದಿಲ್ಲ. ತಂಗಿಯ ಗಂಡ ಸೋಫಾ ಬಿಟ್ಟುಕೊಡಲು ಒಪ್ಪುತ್ತಿರಲಿಲ್ಲ. 15ನೇ ತಾರೀಖು ಬಂದಾಗ ಅವರೇ ಹಾಳೆ ನೋಡಿ ಜಾಹೀರಾತು ತಿದ್ದಿದರು.

ಬೆಲೆ ಸರಿಯಾ ತಪ್ಪಾ ಅಂತ ಮೊದಲ ಎರಡು ದಿನದಲ್ಲೇ ಗೊತ್ತಾಗುತ್ತದೆ. ಹಾಕಿದ ಒಂದು ಗಂಟೆಯಲ್ಲಿ ಹತ್ತು ಜನ ಕೇಳಿ, ಎಲ್ಲರೂ "ಈಗಲೇ ಬರಲಾ?" ಅಂದರೆ ಬೆಲೆ ಕಡಿಮೆಯಾಯಿತು. ಮಾತು ಕೊಟ್ಟವರಿಗೆ ಅದೇ ಬೆಲೆಗೆ ಕೊಡಿ, ಇನ್ನೂ ಯಾರಿಗೂ ಮಾತು ಕೊಟ್ಟಿಲ್ಲವಾದರೆ ಜಾಹೀರಾತು ತಿದ್ದಿ. ಎರಡು ದಿನ ಯಾರೂ ಕೇಳದಿದ್ದರೆ ಬೆಲೆ ಜಾಸ್ತಿ, 15ನೇ ತಾರೀಖಿಗೆ ಕಾಯದೆ ಒಂದು ಮೆಟ್ಟಿಲು ಇಳಿಯಿರಿ. ಮೂರನೆಯದು ಸ್ವಲ್ಪ ಸೂಕ್ಷ್ಮ. ತುಂಬಾ ಜನ ಕೇಳುತ್ತಾರೆ, ಬಂದು ನೋಡುತ್ತಾರೆ, "ಹೇಳ್ತೀವಿ" ಅಂತ ಹೋಗುತ್ತಾರೆ. ಆಗ ಬೆಲೆ ತಪ್ಪಿಲ್ಲ, ಫೋಟೊದಲ್ಲಿ ಇಲ್ಲದ್ದು ಏನೋ ಮನೆಯಲ್ಲಿ ಕಾಣುತ್ತಿದೆ. ಟಿವಿಗೆ ಹೀಗೇ ಆಯಿತು. ನಾಲ್ಕು ಜನ ಬಂದು ಹೋದರು. ಆರಿಸಿದಾಗ ಪರದೆಯ ಮೇಲೆ ಕಾಣುತ್ತಿದ್ದ ಸಣ್ಣ ಗೀರು ನಮಗೆ ಅಭ್ಯಾಸವಾಗಿ ಕಣ್ಣಿಗೇ ಬಿದ್ದಿರಲಿಲ್ಲ. ಅದರ ಫೋಟೊ ಹಾಕಿ ಐನೂರು ಇಳಿಸಿದ ಮೇಲೆ ಬಂದ ಮೊದಲನೆಯವರೇ ತೆಗೆದುಕೊಂಡರು.

ಕಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಆಷಾಢದಲ್ಲಿ, ಧನುರ್ಮಾಸದಲ್ಲಿ ಮನೆ ಬದಲಿಸುವವರು ಕಡಿಮೆ, ಮಂಚ ಬೀರು ಕೊಳ್ಳುವವರೂ ಕಡಿಮೆ. ನಿಮ್ಮ ಬೀಗ ಕೊಡುವ ದಿನ ಆ ತಿಂಗಳ ನಡುವೆ ಬಂದರೆ ದೊಡ್ಡ ಸಾಮಾನನ್ನು ತಿಂಗಳು ಶುರುವಾಗುವ ಮುಂಚೆಯೇ ಮಾರಿಬಿಡಿ. ಏಪ್ರಿಲ್, ಮೇ ಒಳ್ಳೆಯದು, ಶಾಲೆ ಬದಲಾಗುವ ಕಾಲ. ದಸರಾ ದೀಪಾವಳಿ ಆಫರ್ ನಡೆಯುವ ವಾರಗಳಲ್ಲಿ ಯಂತ್ರಗಳ ಜಾಹೀರಾತು ಹಾಕಿದರೆ ಹೊಸದರ ಆಫರ್ ಬೆಲೆಗೆ ಹೋಲಿಸಿ ಕೇಳುತ್ತಾರೆ.

ದುಡ್ಡು ಕೈಗೆ ಬರುವಾಗ

ಮೊದಲು ಅಪಾರ್ಟ್‌ಮೆಂಟ್ ಅಥವಾ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಹಾಕಿ, ಆಮೇಲೆ ಆಫೀಸಿನ ಗುಂಪು, ಎರಡು ದಿನ ಬಿಟ್ಟು ಹೊರಗಿನ ಆ್ಯಪ್‌ಗಳು. ಹತ್ತಿರದವರಿಗೆ ಸಾಗಣೆ ಖರ್ಚು ಕಡಿಮೆ, ಅಷ್ಟು ನಿಮಗೆ ಜಾಸ್ತಿ ಸಿಗುತ್ತದೆ.

ಹೊರಗಿನ ಆ್ಯಪ್‌ನಲ್ಲಿ ಹಾಕಿದ ಅರ್ಧ ಗಂಟೆಯಲ್ಲಿ ಒಬ್ಬರು ಫೋನ್ ಮಾಡಿದರು. ಸಾಮಾನು ನೋಡುವುದೇ ಬೇಡ, ಚೌಕಾಸಿ ಇಲ್ಲ, ತಾನು ಸೇನೆಯಲ್ಲಿದ್ದೇನೆ, ಈಗಲೇ ಪೂರ್ತಿ ದುಡ್ಡು ಕಳಿಸುತ್ತೇನೆ ಅಂದರು. ಒಂದು ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತೆ ಅಂದರು. ತಂಗಿ ಫೋನ್ ಕೈಗೆತ್ತಿಕೊಂಡೂ ಆಗಿತ್ತು. ದುಡ್ಡು ಬರುವುದಕ್ಕೆ ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಪಿನ್ ಹಾಕಿದರೆ ಹೋಗುವುದು ನಿಮ್ಮ ಖಾತೆಯಿಂದ. ನೋಡದೆಯೇ ಪೂರ್ತಿ ಬೆಲೆಗೆ ಒಪ್ಪುವ ಗಿರಾಕಿಯನ್ನು ನಂಬಬೇಡಿ. ಹೊರಡುವ ತಲೆಬಿಸಿಯಲ್ಲಿ ಇರುವವರೇ ಇದಕ್ಕೆ ಬೀಳುವುದು, ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಮುಂಗಡ ಇಲ್ಲದೆ ಯಾರಿಗೂ ತೆಗೆದಿಡಬೇಡಿ. "ನಾಳೆ ಬರ್ತೀನಿ" ಅಂದವರಿಗಾಗಿ ಊಟದ ಮೇಜನ್ನು ಆರು ದಿನ ತೆಗೆದಿಟ್ಟು, ಇಬ್ಬರು ಗಿರಾಕಿಗಳನ್ನು ವಾಪಸ್ ಕಳಿಸಿದೆವು. ಅವರು ಬರಲೇ ಇಲ್ಲ. ಬಾಕಿ ಹಣ ಸಾಮಾನು ಮೆಟ್ಟಿಲು ಇಳಿಯುವ ಮೊದಲು ಬರಬೇಕು. ಗಾಡಿಗೆ ಹತ್ತಿಸಿದ ಮೇಲೆ "ಇಲ್ಲೊಂದು ಗೀರು ಇದೆಯಲ್ಲ" ಅನ್ನುವ ಮಾತು ಶುರುವಾಗುತ್ತದೆ.

ಮಾರಬಾರದ ಕೆಲವು ಸಾಮಾನೂ ಇವೆ. ಗ್ಯಾಸ್ ಸಿಲಿಂಡರ್ ಮತ್ತು ರೆಗ್ಯುಲೇಟರ್ ನಿಮ್ಮದಲ್ಲ, ಕಂಪನಿಯದ್ದು. ಒಲೆ ಮಾತ್ರ ಮಾರಿ. ಸಂಪರ್ಕ ಕೊಟ್ಟ ಏಜೆನ್ಸಿಗೆ ವೋಚರ್ ಜೊತೆ ವಾಪಸ್ ಕೊಟ್ಟರೆ ಠೇವಣಿ ಹಣ ಬರುತ್ತದೆ. ಇಂಟರ್ನೆಟ್ ರೌಟರ್ ಕಂಪನಿಯದ್ದೇ ಆಗಿದ್ದರೆ ಅದೂ ಹಾಗೇ. ಇನ್ವರ್ಟರ್ ಬ್ಯಾಟರಿ ನಾಲ್ಕೈದು ವರ್ಷ ದಾಟಿದ್ದರೆ ಅದರ ಬೆಲೆ ಒಳಗಿನ ಸೀಸದ ತೂಕದ ಬೆಲೆ. ಬ್ಯಾಟರಿ ಅಂಗಡಿ ಎರಡು ಕಡೆ ಕೇಳಿ ಕೊಡಿ, ಇನ್ವರ್ಟರ್ ಪೆಟ್ಟಿಗೆಯನ್ನು ಬೇರೆ ಮಾರಿ.

ಮಿಕ್ಸಿಗೆ ಬೆಲೆ ಕಟ್ಟುವ ಮೊದಲು ಹೋಗುವ ದೇಶ ನೋಡಿ. ಜರ್ಮನಿಯಲ್ಲಿ ಇಲ್ಲಿನಂತೆಯೇ 230 ವೋಲ್ಟ್, ಪ್ಲಗ್ ಬದಲಿಸಿದರೆ ಸಾಕು. ಅಮೆರಿಕದಲ್ಲಿ 120 ವೋಲ್ಟ್, ಇಲ್ಲಿನ ಮಿಕ್ಸಿ ಅಲ್ಲಿ ಸರಿಯಾಗಿ ಓಡುವುದಿಲ್ಲ. ತಂಗಿ ಮಿಕ್ಸಿಗೆ 1,200 ಅಂತ ಬರೆದಿದ್ದಳು, ನಾನು ಹೊಡೆದು ಹಾಕಿದೆ. ಅಲ್ಲಿ ದೋಸೆ ಹಿಟ್ಟು ರುಬ್ಬುವಂಥ ಮಿಕ್ಸಿ ಆ ದುಡ್ಡಿಗೆ ಬರುವುದಿಲ್ಲ.

29ರ ಸಂಜೆ ವ್ಯಾಪಾರಿ ಗಾಡಿ ತಂದಾಗ ಉಳಿದಿದ್ದದ್ದು ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಚಪ್ಪಲಿ ಸ್ಟ್ಯಾಂಡ್, ಹಾಸಿಗೆ. ಹಾಸಿಗೆಯನ್ನು ಕಟ್ಟಡದ ವಾಚ್‌ಮನ್ ಮನೆಯವರು ಕೇಳಿ ಒಯ್ದರು. ಉಳಿದದ್ದಕ್ಕೆ ವ್ಯಾಪಾರಿ 300 ಕೊಟ್ಟರು. ಅದನ್ನೂ ತಂಗಿ ಹಾಳೆಯ ಕೊನೇ ಸಾಲಿನಲ್ಲಿ ಬರೆದುಕೊಂಡಳು. ಮರುದಿನ ಬೆಳಿಗ್ಗೆ ಹತ್ತಕ್ಕೆ ಮಾಲೀಕರಿಗೆ ಬೀಗದ ಕೈ ಕೊಟ್ಟು, ಮೂರು ರಾತ್ರಿಗೆ ಮಕ್ಕಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು.